ಟೋಕನ್ ಹಣದ ಜಗಳ: ಸಂಬಳಕ್ಕಾಗಿ ಗ್ರೂಪ್ ಕಾಯುವವರ ಕೆಲಸ

ಪುಣೆಯ ಹಿಂಜವಡಿ, ವಾಕಡ್, ಬಾಣೇರ್ ಕಡೆ ಕೆಲಸಕ್ಕೆ ಬರುವ ಕನ್ನಡಿಗರು ಬಾಡಿಗೆ ಮನೆ ಹುಡುಕಿಕೊಳ್ಳಲೆಂದು ನಡೆಯುವ ಒಂದು ಫೇಸ್‌ಬುಕ್ ಗ್ರೂಪಿನಲ್ಲಿ ನಾನು ಮಾಡರೇಟರ್. ಗ್ರೂಪ್ ಮನೆ ಸಾಮಾನು ಸಾಗಿಸುವ ಕಂಪನಿಯೊಂದರದು. ಡೊಂಬಿವಲಿಯ ನಮ್ಮ ಮನೆಯ ಅಡುಗೆಮನೆ ಪಕ್ಕದ ಮೇಜೇ ನನ್ನ ಕಚೇರಿ. ನನ್ನ ಜೊತೆ ಇನ್ನಿಬ್ಬರು ಇದೇ ಕೆಲಸ ಮಾಡುತ್ತಾರೆ. ಮೂವರಿಗೂ ತಿಂಗಳ ಸಂಬಳವಿದೆ. ಈ ಕೆಲಸವೆಂದರೆ ಕೆಟ್ಟ ಕಾಮೆಂಟ್ ಅಳಿಸುವುದಷ್ಟೇ ಎಂದು ಹೊರಗಿನವರು ತಿಳಿದಿರುತ್ತಾರೆ, ಸೇರುವ ಮೊದಲು ನಾನೂ ಹಾಗೆಯೇ ತಿಳಿದಿದ್ದೆ. ನಿಜದಲ್ಲಿ ಇದರಲ್ಲಿ ಯಾವ ಭಾಗ ಕಷ್ಟ, ಆ ಕಷ್ಟ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಒಂದೇ ಒಂದು ಜಗಳದ ಮೂಲಕ ವಿವರಿಸುತ್ತೇನೆ. ಇಬ್ಬರ ಗುರುತೂ ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಒಂದು ಶುಕ್ರವಾರ ರಾತ್ರಿ 9 ಗಂಟೆ 40 ನಿಮಿಷಕ್ಕೆ ಬಾಗಲಕೋಟೆ ಕಡೆಯ ಯುವಕನೊಬ್ಬ ಪೋಸ್ಟ್ ಹಾಕಿದ. ವಾಕಡ್‌ನ ಒಂದು ಫ್ಲಾಟಿಗೆಂದು ಬ್ರೋಕರ್ ಒಬ್ಬರಿಗೆ 15,000 ರೂಪಾಯಿ ಟೋಕನ್ ಕೊಟ್ಟಿದ್ದಾಗಿಯೂ, ಮನೆ ಬೇರೆಯವರ ಪಾಲಾಯಿತೆಂದೂ, ಹಣ ವಾಪಸ್ ಬರಲಿಲ್ಲವೆಂದೂ ಅದರಲ್ಲಿ ಬರೆದಿದ್ದ. ಬರಹದಲ್ಲಿ ಒಂದೂ ಕೆಟ್ಟ ಮಾತಿರಲಿಲ್ಲ. ಬ್ರೋಕರನ್ನು ಉದ್ದಕ್ಕೂ ‘ಅವರು’ ಎಂದೇ ಕರೆದಿದ್ದ. ಆದರೆ ಕೆಳಗೆ ಆ ಬ್ರೋಕರ್ ತಮ್ಮ ಮಗಳ ಜೊತೆ ಗಣಪತಿ ಮಂಟಪದ ಮುಂದೆ ನಿಂತ ಫೋಟೊ ಇತ್ತು, ಮೊಬೈಲ್ ನಂಬರ್ ಇತ್ತು, ಕಾರಿನ ನಂಬರೂ ಇತ್ತು. ಬ್ರೋಕರೂ ಕನ್ನಡಿಗರೇ, ಉಡುಪಿ ಕಡೆಯವರು, ಅದೇ ಗ್ರೂಪಿನ ಸದಸ್ಯರು. ಒಂದು ಗಂಟೆಯೊಳಗೆ ನೂರಮೂವತ್ತು ಕಾಮೆಂಟ್ ಬಿದ್ದವು. ಬ್ರೋಕರ್ ಕಡೆಯವರೊಬ್ಬರು ‘ಲೇ’ ಎಂದು ಶುರುಮಾಡಿ ಯುವಕನ ಊರನ್ನೂ ಜಾತಿಯನ್ನೂ ಎಳೆದು ತಂದರು. ಇನ್ನೊಬ್ಬರು ಬಹಳ ಸಭ್ಯ ಭಾಷೆಯಲ್ಲಿ, ‘ನಾಳೆ ಬೆಳಿಗ್ಗೆ ಹತ್ತು ಜನ ಸೇರಿ ಅವರ ಆಫೀಸಿಗೆ ಹೋಗಿ ಮಾತಾಡಿಸಿ ಬರೋಣ’ ಎಂದರು.

ಆಗ ನಮ್ಮ ಗ್ರೂಪಿನ ನಿಯಮಗಳು ಮೂರೇ ಸಾಲು: ಎಲ್ಲರನ್ನೂ ಗೌರವಿಸಿ, ಸಭ್ಯ ಭಾಷೆ ಬಳಸಿ, ಅಡ್ಮಿನ್ ತೀರ್ಮಾನವೇ ಅಂತಿಮ. ಕೇಳಲು ಚೆನ್ನಾಗಿಯೇ ಇವೆ. ಅವನ್ನು ಆ ಪೋಸ್ಟಿನ ಮೇಲಿಟ್ಟು ನೋಡಿದಾಗ ಮಾತ್ರ ಅವುಗಳ ಬಣ್ಣ ಬಯಲಾಯಿತು. ಅಕ್ಷರಶಃ ಹಿಡಿದರೆ ತಪ್ಪಿತಸ್ಥರು ‘ಲೇ’ ಎಂದವರು ಒಬ್ಬರೇ. ಹೆಣ್ಣುಮಗುವಿನ ಫೋಟೊ ಹಾಕಿದವನೂ, ಹತ್ತು ಜನರನ್ನು ಕಟ್ಟಿಕೊಂಡು ಹೋಗಲು ಕರೆ ಕೊಟ್ಟವರೂ ಸಭ್ಯ ಭಾಷೆಯನ್ನೇ ಬಳಸಿದ್ದರು. ಆ ರಾತ್ರಿ ಅತಿ ಹೆಚ್ಚು ಅಪಾಯವಿದ್ದ ಎರಡು ಸಂಗತಿಗಳಿಗೆ ನಮ್ಮ ನಿಯಮದಲ್ಲಿ ಹೆಸರೇ ಇರಲಿಲ್ಲ. ಹೀಗಾದಾಗ ಮಾಡರೇಟರ್ ತನ್ನ ಸ್ವಂತ ವಿವೇಚನೆಯಿಂದ ತೀರ್ಮಾನಿಸಬೇಕಾಗುತ್ತದೆ. ಸ್ವಂತ ವಿವೇಚನೆಯ ತೀರ್ಮಾನಕ್ಕೆ ಬರುವ ಬೈಗುಳವೂ ಸ್ವಂತಕ್ಕೇ ಬರುತ್ತದೆ. ಈ ಕೆಲಸದಲ್ಲಿ ಮನಸ್ಸು ಹಣ್ಣಾಗುವುದು ಬಹುಮಟ್ಟಿಗೆ ಇಲ್ಲಿಂದ ಎಂಬುದು ನನ್ನ ಅನುಭವ. ಆದ್ದರಿಂದ ನಿಯಮ, ಜಗಳ, ಮನಸ್ಸಿನ ಆರೋಗ್ಯ ಇವನ್ನು ಮೂರು ಬೇರೆ ವಿಷಯಗಳೆಂದು ನಾನು ನೋಡುವುದಿಲ್ಲ.

ಆ ರಾತ್ರಿ ನಾನು ಮಾಡಿದ ಮೊದಲ ಕೆಲಸ ಅಳಿಸುವುದಲ್ಲ, ನಿಲ್ಲಿಸುವುದು. ಪೋಸ್ಟಿನ ಮೂಲೆಯ ಮೂರು ಚುಕ್ಕೆ ಒತ್ತಿ `Turn off commenting` ಆರಿಸಿದರೆ ಹೊಸ ಕಾಮೆಂಟ್ ಬರುವುದು ನಿಲ್ಲುತ್ತದೆ, ಇದ್ದದ್ದು ಇರುತ್ತದೆ. ಮೊದಲೇ ಅಳಿಸಿಬಿಟ್ಟರೆ ಎರಡು ತೊಂದರೆಗಳಿವೆ. ಯಾರು ಏನು ಬರೆದರೆಂಬುದಕ್ಕೆ ಮುಂದೆ ಆಧಾರ ಇರುವುದಿಲ್ಲ. ಅಲ್ಲದೆ, ಸಿಟ್ಟಿನಲ್ಲಿರುವ ಜನ ಹತ್ತು ಹೊಸ ಪೋಸ್ಟ್ ಹಾಕಿ, ‘ಅಡ್ಮಿನ್ ಮುಚ್ಚಿಹಾಕಿದರು’ ಎಂಬ ಎರಡನೆಯ ಜಗಳವನ್ನು ಆರಂಭಿಸುತ್ತಾರೆ. ಎರಡನೆಯ ಜಗಳ ಯಾವಾಗಲೂ ಮೊದಲನೆಯದಕ್ಕಿಂತ ದೊಡ್ಡದು. ಕಾಮೆಂಟ್ ನಿಲ್ಲಿಸಿದ ಮೇಲೆ ಪೋಸ್ಟಿನದೂ, ಜಾತಿನಿಂದನೆಯ ಕಾಮೆಂಟಿನದೂ, ಹತ್ತು ಜನರ ಕರೆಯದೂ ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ ಮತ್ತು ಸಮಯ ಕಾಣುವಂತೆ ಕಂಪನಿಯ ಫೋಲ್ಡರಿಗೆ ಹಾಕಿದೆ. ನನ್ನ ಸ್ವಂತ ಫೋನಿನ ಗ್ಯಾಲರಿಯಲ್ಲಿ ಇಟ್ಟುಕೊಳ್ಳಲಿಲ್ಲ. ಮರುದಿನ ಮಗನ ಶಾಲೆಯ ಫೋಟೊ ಹುಡುಕುವಾಗ ಆ ಬೈಗುಳ ಮತ್ತೆ ಕಣ್ಣಿಗೆ ಬೀಳಬಾರದಲ್ಲ.

ಆಮೇಲೆ ಪೋಸ್ಟನ್ನು ತೆಗೆದೆ. ಸದಸ್ಯರ ಪೋಸ್ಟಿನಿಂದ ಫೋಟೊವನ್ನಷ್ಟೇ ಕಿತ್ತು ಬರಹವನ್ನು ಉಳಿಸುವ ಅನುಕೂಲ ಫೇಸ್‌ಬುಕ್‌ನಲ್ಲಿ ಮಾಡರೇಟರಿಗಿಲ್ಲ. ಇಡಿಯಾಗಿ ತೆಗೆದು, ಸರಿಪಡಿಸಿ ಮತ್ತೆ ಹಾಕಲು ಹೇಳಬೇಕು. ಗ್ರೂಪಿನಲ್ಲಿ ಹಾಕಿದ ಸೂಚನೆ ಇಷ್ಟೇ: ‘ವಾಕಡ್ ಟೋಕನ್ ಕುರಿತ ಪೋಸ್ಟನ್ನು ಅದರಲ್ಲಿದ್ದ ಫೋಟೊ ಮತ್ತು ನಂಬರ್‌ಗಳ ಕಾರಣಕ್ಕೆ ತೆಗೆಯಲಾಗಿದೆ. ಅವಿಲ್ಲದೆ ಅದೇ ವಿಷಯವನ್ನು ಮತ್ತೆ ಬರೆಯಲು ಪೋಸ್ಟ್ ಹಾಕಿದವರಿಗೆ ತಿಳಿಸಲಾಗಿದೆ. ಆರೋಪ ನಿಜವೋ ಸುಳ್ಳೋ ಎಂಬ ಬಗ್ಗೆ ಈ ಗ್ರೂಪ್ ಏನನ್ನೂ ಹೇಳುತ್ತಿಲ್ಲ.’ ಕೊನೆಯ ವಾಕ್ಯವೇ ಎಲ್ಲಕ್ಕಿಂತ ಮುಖ್ಯ. ‘ದಯವಿಟ್ಟು ಶಾಂತಿ ಕಾಪಾಡಿ’ ಎಂದು ಬರೆಯಲಿಲ್ಲ. ಸಿಟ್ಟು ಬಂದವರಿಗೆ ಶಾಂತರಾಗಿ ಎಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಇಬ್ಬರಿಗೂ ಒಂದೇ ಹೊತ್ತಿಗೆ, ಬಹುಮಟ್ಟಿಗೆ ಒಂದೇ ಮಾತಿನಲ್ಲಿ ಸಂದೇಶ ಕಳಿಸಿದೆ. ಜಾತಿ ಎತ್ತಿ ಬೈದವರನ್ನೂ, ಜನ ಸೇರಿಸಲು ಹೊರಟವರನ್ನೂ `Suspend` ಮಾಡಿದೆ. ಇಷ್ಟಕ್ಕೆಲ್ಲ ಹನ್ನೆರಡು ನಿಮಿಷ ಹಿಡಿಯಿತು. ಆದರೆ ಅದಕ್ಕೆ ಮೊದಲು, ಯಾವ ನಿಯಮದ ಹೆಸರಿನಲ್ಲಿ ಇದನ್ನೆಲ್ಲ ಮಾಡಲಿ ಎಂದು ಯೋಚಿಸುತ್ತ ಕೂತು ಒಂದು ಗಂಟೆ ಕಳೆದಿದ್ದೆ. ನೂರಮೂವತ್ತು ಕಾಮೆಂಟ್ ಸೇರಿದ್ದು ಆ ಒಂದು ಗಂಟೆಯಲ್ಲಿ.

ಇಬ್ಬರ ಉತ್ತರವೂ ಬಂತು. ಯುವಕ ಬರೆದ: ‘ಅಕ್ಕಾರ, ನಾ ಖರೇನ ಹೇಳೇನ್ರಿ. ನೀವೂ ಅವರ ಕಡೀನ ಆದ್ರ ನಾವ್ ಎಲ್ಲಿಗ್ ಹೋಗೂಣ್ರಿ? ನಿಮಗೂ ಅದ್ರಾಗ ಕಮಿಷನ್ ಐತೇನ್ರಿ?’ ಬ್ರೋಕರ್ ಬರೆದರು: ‘ಮೇಡಂ, ಅದರಲ್ಲಿ ನನ್ನ ಮಗಳ ಫೋಟೊ ಉಂಟು. ನೀವು ಒಂದು ಗಂಟೆ ಸುಮ್ಮನೆ ನೋಡ್ತಾ ಕೂತದ್ದಾ?’ ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೂ ನಾನು ಇಬ್ಬರಿಗೂ ಹೇಳದೇ ಇದ್ದ ಒಂದು ಮಾತಿದೆ: ಹಣ ವಾಪಸ್ ಕೊಡಬೇಕು, ಅಥವಾ ಕೊಡಬೇಕಿಲ್ಲ ಎಂಬುದು. ಟೋಕನ್ ಕೊಡುವಾಗ ಏನು ಮಾತಾಯಿತೋ ನಾನು ಕೇಳಿಲ್ಲ. ಯುಪಿಐ ಪಾವತಿಯ ಚೀಟಿ ಹಣ ಹೋದದ್ದನ್ನು ತೋರಿಸುತ್ತದೆಯೇ ಹೊರತು ಯಾವ ಷರತ್ತಿನ ಮೇಲೆ ಹೋಯಿತೆಂಬುದನ್ನಲ್ಲ. ಮೇಲಾಗಿ ನನಗೆ ಸಂಬಳ ಕೊಡುವ ಕಂಪನಿಗೆ ಬ್ರೋಕರ್‌ಗಳ ಮೂಲಕವೇ ಗಿರಾಕಿಗಳು ಬರುತ್ತಾರೆ. ಇಂಥ ಜಾಗದಲ್ಲಿ ಕೂತು ತೀರ್ಪು ಕೊಟ್ಟರೆ ಅದು ಯಾರ ಪರವಾಗಿದ್ದರೂ ಯಾರೂ ನಂಬುವುದಿಲ್ಲ. ಯುವಕನಿಗೆ ದಾರಿ ಮಾತ್ರ ಹೇಳಿದೆ: ಪಾವತಿಯ ದಾಖಲೆ, ವಾಟ್ಸಾಪ್ ಮಾತುಕತೆ ಎತ್ತಿಟ್ಟುಕೊಳ್ಳಿ, ಬರಹದಲ್ಲಿ ಹಣ ಕೇಳಿ, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ವಿಚಾರಿಸಿ. ಮಾಡರೇಟರ್ ತೂಗಬೇಕಾದದ್ದು ನಡತೆಯನ್ನು, ಸತ್ಯವನ್ನಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು, ಏಕೆಂದರೆ ಮನಸ್ಸು ಒಳಗೊಳಗೇ ಯುವಕನ ಕಡೆಗಿತ್ತು.

ಕಾನೂನಿನ ಮಾತು ಇಲ್ಲಿ ಸ್ವಲ್ಪ ಬೇಕಾಗುತ್ತದೆ. ವಾಟ್ಸಾಪ್ ಗ್ರೂಪಿನ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಸದಸ್ಯರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅವರನ್ನು ಹೊಣೆ ಮಾಡಲಾಗದು, ಇಬ್ಬರದೂ ಸಮಾನ ಉದ್ದೇಶವೋ ಮೊದಲೇ ಮಾಡಿಕೊಂಡ ಯೋಜನೆಯೋ ಇದ್ದರೆ ಬೇರೆ ಮಾತು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ. ಅಡ್ಮಿನ್‌ಗಳು ಈ ತೀರ್ಪನ್ನು ಒಬ್ಬರಿಗೊಬ್ಬರು ಫಾರ್ವರ್ಡ್ ಮಾಡಿ ನೆಮ್ಮದಿಪಡುತ್ತಾರೆ. ಆದರೆ ಸಂದೇಶ ಬೀಳುವ ಮೊದಲು ಅದನ್ನು ತಡೆಯುವ ಅಧಿಕಾರ ಅಡ್ಮಿನ್‌ಗೆ ಇರುವುದಿಲ್ಲ ಎಂಬುದು ಆ ತೀರ್ಪಿನ ಒಂದು ಆಧಾರ. ಪ್ರತಿಯೊಂದು ಪೋಸ್ಟನ್ನೂ ಮೊದಲೇ ಓದಿ ಒಪ್ಪಿಗೆ ಕೊಡುವ ವ್ಯವಸ್ಥೆ ಇರುವ ಗ್ರೂಪಿನಲ್ಲಿ, ಅದೂ ಸಂಬಳ ಪಡೆದು ಆ ಒಪ್ಪಿಗೆ ಕೊಡುವವರು, ಅದೇ ಮಾತು ತಮ್ಮನ್ನೂ ಕಾಯುತ್ತದೆಂದು ನಂಬಿ ಕೂರಬಾರದು. ‘ಇಂಥವರು ಕಳ್ಳ’ ಎಂಬ ಪೋಸ್ಟಿಗೆ ಒಪ್ಪಿಗೆಯ ಗುಂಡಿ ಒತ್ತುವ ಬೆರಳು ನಮ್ಮದು. ಮಾನನಷ್ಟ ಇಂದಿಗೂ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಅಪರಾಧ.

ಮರುವಾರ ಮೂವರೂ ಕೂತು ನಿಯಮಗಳನ್ನು ಹೊಸದಾಗಿ ಬರೆದೆವು. ಇಟ್ಟುಕೊಂಡ ಪಟ್ಟು ಒಂದೇ: ನಿಯಮದಲ್ಲಿ ಗುಣದ ಹೆಸರು ಇರಕೂಡದು, ಕಣ್ಣಿಗೆ ಕಾಣುವ ಕೆಲಸದ ಹೆಸರು ಇರಬೇಕು. ‘ಗೌರವ’ ಕಣ್ಣಿಗೆ ಕಾಣುವುದಿಲ್ಲ, ಮೊಬೈಲ್ ನಂಬರ್ ಕಾಣುತ್ತದೆ. ಆಗ ಬರೆದ ಎರಡು ನಿಯಮಗಳನ್ನು ಇದ್ದ ಹಾಗೆಯೇ ಕೊಡುತ್ತೇನೆ. ‘ಯಾರದೇ ಫೋಟೊ, ಮೊಬೈಲ್ ನಂಬರ್, ಮನೆ ವಿಳಾಸ, ಗಾಡಿ ನಂಬರನ್ನು ಅವರ ಒಪ್ಪಿಗೆ ಇಲ್ಲದೆ ಹಾಕಿದರೆ ಪೋಸ್ಟ್ ತೆಗೆಯುತ್ತೇವೆ, ಅವರ ಮೇಲಿನ ಆರೋಪ ನಿಜವಾಗಿದ್ದರೂ ತೆಗೆಯುತ್ತೇವೆ.’ ‘ಹಣದ ತಕರಾರಿನ ಬಗ್ಗೆ ಏನಾಯಿತು, ಯಾವಾಗ, ಎಷ್ಟು ಹಣ ಎಂದು ಬರೆಯಬಹುದು, ಕಳ್ಳ, ಮೋಸಗಾರ ಎಂಬಂಥ ಪಟ್ಟ ಕಟ್ಟುವ ಹಾಗಿಲ್ಲ. ಎದುರಿನವರು ಒಂದು ಸಲ ಉತ್ತರ ಕೊಡಬಹುದು. ಉತ್ತರ ಬಂದ ಮೇಲೆ ಅಥವಾ 48 ಗಂಟೆ ಕಳೆದ ಮೇಲೆ ಕಾಮೆಂಟ್ ಮುಚ್ಚುತ್ತೇವೆ.’ ‘ಅಡ್ಮಿನ್ ತೀರ್ಮಾನವೇ ಅಂತಿಮ’ ಎಂಬ ಸಾಲನ್ನು ಕಿತ್ತುಹಾಕಿ, ತೀರ್ಮಾನ ಒಪ್ಪದವರು ಏಳು ದಿನದೊಳಗೆ ಕೇಳಿದರೆ ಮೊದಲು ತೀರ್ಮಾನಿಸಿದವರನ್ನು ಬಿಟ್ಟು ಬೇರೆ ಮಾಡರೇಟರ್ ನೋಡುತ್ತಾರೆ ಎಂದು ಸೇರಿಸಿದೆವು. ಇದು ಸದಸ್ಯರಿಗೆ ಎಷ್ಟು ಉಪಕಾರವೋ ನಮಗೂ ಅಷ್ಟೇ. ನಾನು ಕೊಟ್ಟ ತೀರ್ಮಾನವನ್ನು ನಾನೇ ರಾತ್ರಿಯಿಡೀ ಸಮರ್ಥಿಸುತ್ತ ಕೂರುವ ಕೆಲಸ ತಪ್ಪಿತು.

ನಿಯಮ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಹಳೆಯ ಇಪ್ಪತ್ತು ಪೋಸ್ಟ್‌ಗಳನ್ನು ಆರಿಸಿ, ಪ್ರತಿಯೊಬ್ಬ ಮಾಡರೇಟರೂ ಒಬ್ಬರೇ ಕೂತು ಉಳಿಸುವುದೋ ತೆಗೆಯುವುದೋ ಎಂದು ಗುರುತು ಹಾಕಬೇಕು. ನಂತರ ಮೂರೂ ಪಟ್ಟಿಗಳನ್ನು ಪಕ್ಕಪಕ್ಕ ಇಡಬೇಕು. ಹಳೆಯ ನಿಯಮದಲ್ಲಿ ಇಪ್ಪತ್ತರ ಪೈಕಿ ಏಳರಲ್ಲಿ ನಮ್ಮ ಉತ್ತರ ಬೇರೆ ಬೇರೆಯಾಗಿತ್ತು, ಹೊಸ ನಿಯಮದಲ್ಲಿ ಎರಡರಲ್ಲಿ. ಆ ಎರಡೂ ಒಂದೇ ಬಗೆಯವು: ‘ಲೇ’ ಎಂಬ ಸಂಬೋಧನೆ. ಹುಬ್ಬಳ್ಳಿಯ ಗೆಳೆಯರ ಬಾಯಲ್ಲಿ ಅದು ಸಲಿಗೆ, ಮೈಸೂರಿನವರ ಕಿವಿಗೆ ಬೈಗುಳ. ಅದಕ್ಕೆ ನಿಯಮ ಬರೆಯಲು ಹೋಗಿ ಸೋತು, ಯಾರಿಗೆ ಹೇಳಲಾಯಿತೋ ಅವರು ದೂರು ಕೊಟ್ಟರೆ ಮಾತ್ರ ನೋಡುವುದು ಎಂದು ಬಿಟ್ಟೆವು.

ಪದಗಳನ್ನು ತಾನಾಗಿ ಹಿಡಿಯುವ ಯಂತ್ರದ ಜರಡಿಯನ್ನು ನಂಬಿದ್ದಾಗ ಆದ ಒಂದು ಪೇಚಾಟವನ್ನೂ ಹೇಳಬೇಕು. ನಮ್ಮವರು ಬೈಯುವುದೂ ಇಂಗ್ಲಿಷ್ ಅಕ್ಷರದಲ್ಲೇ. ಹಾಗಾಗಿ ತಡೆಯಬೇಕಾದ ಪದಗಳ ಪಟ್ಟಿಗೆ `halka` ಎಂದು ಸೇರಿಸಿದೆವು. ಕನ್ನಡದಲ್ಲಿ ಹಲ್ಕಾ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಮರಾಠಿ, ಹಿಂದಿಯಲ್ಲಿ ಅದಕ್ಕೆ ಹಗುರ ಎಂದರ್ಥ. ನಮ್ಮದು ಸಾಮಾನು ಸಾಗಿಸುವವರ ಗ್ರೂಪು. ‘ಹಲ್ಕಾ ಸಾಮಾನು ಇದೆ, ಟೆಂಪೊ ಸಿಗುತ್ತದೆಯೇ’ ಎಂದು ಪುಣೆ ಕನ್ನಡದಲ್ಲಿ ಕೇಳಿದ ಪಾಪದವರೆಲ್ಲ ಎರಡು ದಿನ ಬೈಗುಳದ ಸಾಲಿನಲ್ಲಿ ನಿಂತಿದ್ದರು.

ಇನ್ನು ಮನಸ್ಸಿನ ವಿಷಯ. ದೊಡ್ಡ ಕಂಪನಿಗಳ ಪರವಾಗಿ ದಿನವಿಡೀ ಹಿಂಸೆಯ ವಿಡಿಯೊ ನೋಡಿ ತೆಗೆಯುವವರ ಕಷ್ಟ ನಮ್ಮದಕ್ಕಿಂತ ಬಹಳ ದೊಡ್ಡದು. ಅಮೆರಿಕದಲ್ಲಿ ಅಂಥವರು ಹೂಡಿದ ದಾವೆಯನ್ನು ಮುಗಿಸಲು ಫೇಸ್‌ಬುಕ್ 2020ರಲ್ಲಿ 5.2 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು. ನಮ್ಮಂಥ ಗ್ರೂಪ್‌ಗಳಲ್ಲಿ ಕಣ್ಣಿಗೆ ಬೀಳುವುದು ರಕ್ತವಲ್ಲ, ಇನ್‌ಬಾಕ್ಸಿನಲ್ಲಿ ನಮ್ಮ ಹೆಸರಿಗೇ ಬರುವ ಮಾತು. ‘ನಿಮಗೂ ಕಮಿಷನ್ ಐತೇನ್ರಿ’ ಎಂಬ ಒಂದು ಸಾಲು ನನ್ನ ತಲೆಯಲ್ಲಿ ನಾಲ್ಕು ದಿನ ಸುತ್ತಿತು. ಅದಕ್ಕೆ ಕೊಡದ ಉತ್ತರಗಳನ್ನು ಕುಕ್ಕರ್ ಕೂಗುವಾಗಲೂ ಮನಸ್ಸಿನಲ್ಲೇ ಬರೆಯುತ್ತಿದ್ದೆ. ಫೋನ್ ಅಲುಗದಿದ್ದರೂ ಅಲುಗಿದಂತಾಗುವುದು, ಸ್ಟೇಷನ್ನಿನಲ್ಲಿ ಲೋಕಲ್ ಬರುವಷ್ಟರಲ್ಲಿ ಮೂರು ಸಲ ಗ್ರೂಪ್ ತೆರೆದು ನೋಡುವುದು, ಸಣ್ಣ ಮಾತಿಗೂ ಮನೆಯವರ ಮೇಲೆ ಹರಿಹಾಯುವುದು, ಹೊಸ ಸದಸ್ಯರ ಸಾಮಾನ್ಯ ಪ್ರಶ್ನೆಯಲ್ಲೂ ಕುಹಕ ಕಾಣುವುದು, ಇವು ನನ್ನಲ್ಲಿ ಕಂಡ ಚಿಹ್ನೆಗಳು. ಇವುಗಳಲ್ಲಿ ಕೊನೆಯದು ಎಲ್ಲಕ್ಕಿಂತ ಅಪಾಯದ್ದು, ಯಾಕೆಂದರೆ ಆ ಸ್ಥಿತಿಯಲ್ಲಿ ಕೊಟ್ಟ ತೀರ್ಮಾನಗಳೇ ಕೆಟ್ಟುಹೋಗುತ್ತವೆ. ನಾನು ಹತ್ತು ದಿನದಲ್ಲಿ ನಾಲ್ವರನ್ನು ಹೊರಹಾಕಿದ್ದೆ. ಬೇರೆ ಮಾಡರೇಟರ್ ಮತ್ತೆ ನೋಡಿದಾಗ ಮೂವರನ್ನು ಒಳಗೆ ಕರೆಯಬೇಕಾಯಿತು.

ಇದಕ್ಕೆ ಯೋಗ, ಪ್ರಾಣಾಯಾಮ ಎಂದು ಎಲ್ಲರೂ ಹೇಳುತ್ತಾರೆ. ಮಾಡಿದರೆ ತಪ್ಪೇನಿಲ್ಲ, ನನಗೆ ಹೆಚ್ಚು ನೆರವಾದದ್ದು ವ್ಯವಸ್ಥೆಯ ಬದಲಾವಣೆ. ಮೊದಲನೆಯದಾಗಿ, ಸೂಚನೆಗಳೆಲ್ಲ ಈಗ ಕಂಪನಿಯ ಪೇಜಿನ ಹೆಸರಿನಲ್ಲಿ ಹೋಗುತ್ತವೆ, ಕೆಳಗೆ ‘ಮಾಡರೇಟರ್ ತಂಡ’ ಎಂದಷ್ಟೇ ಇರುತ್ತದೆ. ಸದಸ್ಯರ ಉತ್ತರವೂ ಪೇಜಿನ ಇನ್‌ಬಾಕ್ಸಿಗೇ ಬರುತ್ತದೆ, ಅದನ್ನು ಪಾಳಿಯಲ್ಲಿ ಇದ್ದವರು ನೋಡುತ್ತಾರೆ. ಬೈದವರಿಗೆ ಉತ್ತರ ಬರೆಯುವವರು ಬೈಸಿಕೊಂಡವರೇ ಆಗಿರಬಾರದು. ಎರಡನೆಯದಾಗಿ, ಒಂದು ತಿಂಗಳು ನಾನು ದುಡಿದ ಹೊತ್ತನ್ನು ಡೈರಿಯಲ್ಲಿ ಬರೆದಿಟ್ಟೆ. ದಿನಕ್ಕೆ ಎರಡು ಗಂಟೆ, ತಿಂಗಳಿಗೆ ಅರವತ್ತು ಗಂಟೆಯ ಕೆಲಸವೆಂದು 18,000 ರೂಪಾಯಿಗೆ ಒಪ್ಪಿದ್ದೆ; ಗಂಟೆಗೆ 300 ಬಿತ್ತು. ಡೈರಿಯ ಪ್ರಕಾರ ಕೆಲಸ ಮಾಡಿದ್ದು 131 ಗಂಟೆ. ಗಂಟೆಗೆ ಸುಮಾರು 137. ಊಟದ ತಟ್ಟೆ ಪಕ್ಕದಲ್ಲಿ ನೋಡಿದ ಐದೈದು ನಿಮಿಷಗಳೇ ಸೇರಿ ಇಷ್ಟಾಗಿದ್ದವು. ಆ ಡೈರಿಯನ್ನೇ ಮುಂದಿಟ್ಟು ಮಾತಾಡಿದ ಮೇಲೆ ಒಪ್ಪಂದ ಬದಲಾಯಿತು: ಸಂಜೆ 7ರಿಂದ 10, ತಿಂಗಳಿಗೆ 26 ದಿನ, 78 ಗಂಟೆ, 23,400 ರೂಪಾಯಿ. ಕೆಲಸದಿಂದಾಗಿ ಯಾರಾದರೂ ಮಾಡರೇಟರ್ ಮೇಲೆ ದೂರು ಕೊಟ್ಟರೆ ವಕೀಲರ ಖರ್ಚು ಕಂಪನಿಯದೇ ಎಂಬ ಒಂದು ಸಾಲನ್ನೂ ಹಟ ಹಿಡಿದು ಬರೆಸಿದೆ.

ಹಾಗಾದರೆ ರಾತ್ರಿ 10ರ ನಂತರ ಯಾರು ನೋಡುತ್ತಾರೆ? ಯಾರೂ ಇಲ್ಲ. ಈಗ ಪೋಸ್ಟ್‌ಗಳಿಗೆ ಮುಂಚಿನ ಒಪ್ಪಿಗೆ ಕಡ್ಡಾಯ ಮಾಡಿದ್ದೇವೆ. ರಾತ್ರಿ ಬಂದದ್ದು ಬೆಳಿಗ್ಗೆಯವರೆಗೆ ಸಾಲಿನಲ್ಲಿ ಕಾಯುತ್ತದೆ. ಕಾವೇರಿದ ಪೋಸ್ಟ್‌ಗಳಿದ್ದರೆ ಪಾಳಿ ಮುಗಿಸುವವರು ಅವುಗಳ ಕಾಮೆಂಟ್ ಮುಚ್ಚಿ ಹೋಗುತ್ತಾರೆ. ಬಾಡಿಗೆ ಮನೆ ರಾತ್ರಿ ಹನ್ನೆರಡಕ್ಕೇ ಸಿಗಬೇಕೆಂದು ಯಾರಿಗೂ ಇಲ್ಲ. ಇದರ ಬೆಲೆಯನ್ನು ಮೇಲೆ ಹೇಳಿದ್ದೇನೆ: ಓದಿ ಒಪ್ಪಿಗೆ ಕೊಟ್ಟದ್ದಕ್ಕೆ ನಮ್ಮ ಹೊಣೆ ಹೆಚ್ಚುತ್ತದೆ. ನಿದ್ದೆಗೆ ಬದಲಾಗಿ ಆ ಹೊಣೆಯನ್ನು ಹೊರಲು ಒಪ್ಪಿದೆವು. ನವೆಂಬರ್ 1ರ ಆಸುಪಾಸಿನಲ್ಲಿ, ಬೆಳಗಾವಿಯ ಮಾತು ಬಂದೇ ಬರುವ ಮೂರು ದಿನ, ಕಾಮೆಂಟ್‌ಗಳ ಮೇಲೂ ಬಿಗಿ ಇರುತ್ತದೆ.

ಎರಡು ಸಂದರ್ಭಗಳಲ್ಲಿ ಈ ಕ್ರಮ ನಡೆಯುವುದಿಲ್ಲ. ಯಾರಾದರೂ ಸಾಯುವ ಮಾತು ಬರೆದರೆ ಅದು ನಿಯಮದ ಪ್ರಶ್ನೆಯೇ ಅಲ್ಲ. ಫೇಸ್‌ಬುಕ್‌ಗೆ ರಿಪೋರ್ಟ್ ಮಾಡಿ, ಅವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಕೊಟ್ಟು, ಪರಿಚಯದವರು ಗ್ರೂಪಿನಲ್ಲಿದ್ದರೆ ಅವರಿಗೆ ತಿಳಿಸುತ್ತೇವೆ. ಆ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ನಾನು ಕೂಡ ಆ ಸಂಖ್ಯೆಗೆ ಒಮ್ಮೆ ನನಗಾಗಿಯೇ ಕರೆ ಮಾಡಿದ್ದೇನೆ. ಎರಡನೆಯದು ಮಕ್ಕಳ ಲೈಂಗಿಕ ಚಿತ್ರ. ಇಲ್ಲಿ ಮೇಲೆ ಹೇಳಿದ ಸ್ಕ್ರೀನ್‌ಶಾಟ್ ಪಾಠ ತಿರುಗುಮುರುಗು. ಪುರಾವೆಗೆಂದು ತೆಗೆದಿಡುವುದು, ಸಹ ಮಾಡರೇಟರಿಗೆ ‘ನೋಡಿ’ ಎಂದು ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ನಮ್ಮ ಮೇಲೇ ಬರಬಹುದು. ಪೋಸ್ಟಿನ ಕೊಂಡಿ, ಖಾತೆಯ ಹೆಸರು, ಸಮಯ ಇಷ್ಟನ್ನೇ ಬರೆದುಕೊಂಡು, ಫೇಸ್‌ಬುಕ್‌ಗೂ `cybercrime.gov.in` ಗೂ ತಿಳಿಸಬೇಕು. ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಗೊತ್ತಾದ ಮೇಲೆ ಸುಮ್ಮನಿರುವ ಹಾಗೂ ಇಲ್ಲ. ಒಪ್ಪಿಗೆಗೆ ಕಾಯುವ ಸಾಲನ್ನು ನೋಡುವಾಗ ನಾವು ಪರದೆಯ ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿಕೊಳ್ಳುತ್ತೇವೆ, ವಿಡಿಯೊ ತಾನಾಗಿ ಓಡದಂತೆ ಮತ್ತು ಸದ್ದು ಬರದಂತೆ ಇಟ್ಟಿರುತ್ತೇವೆ. ಬಣ್ಣವಿಲ್ಲದ ಕೆಟ್ಟ ಚಿತ್ರ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ.

ಟೋಕನ್ ಜಗಳದ ಯುವಕ ಭಾನುವಾರ ಮತ್ತೆ ಬರೆದ, ಈ ಸಲ ಫೋಟೊ ಇಲ್ಲದೆ, ಹೆಸರಿಲ್ಲದೆ, ತಾರೀಖು ಮತ್ತು ಮೊತ್ತ ಮಾತ್ರ. ಬ್ರೋಕರ್ ತಾವಾಗಿಯೇ ಮುಂದೆ ಬಂದು ಒಂದು ಉತ್ತರ ಕೊಟ್ಟರು. ಕಾಮೆಂಟ್ ಮುಚ್ಚಿದೆವು. ನಮ್ಮ ದಾಖಲೆಯ ಹಾಳೆಯಲ್ಲಿ ಆ ಸಾಲು ಹೀಗಿದೆ: ‘ಮೊದಲ ಪೋಸ್ಟ್ ತೆಗೆದದ್ದು, ಫೋಟೊ ಮತ್ತು ನಂಬರ್. ಇಬ್ಬರ ಅಮಾನತು, ಒಬ್ಬರದು 3 ದಿನ, ಒಬ್ಬರದು 28 ದಿನ. ಮರುಪರಿಶೀಲನೆ ಕೇಳಿದವರು ಇಲ್ಲ. ಹಣ ವಾಪಸ್ ಆಯಿತೇ: ಗೊತ್ತಿಲ್ಲ, ವಿಚಾರಿಸಿಲ್ಲ.’